ಒಂದು ಎಚ್‌ಪಿ ಪಂಪಿನಲ್ಲಿ ನೀರೆತ್ತುವ ಪಾಲು ಎಷ್ಟು?

ಕರಾವಳಿಯ ಮನೆಗಳಲ್ಲಿ ಏಪ್ರಿಲ್ ತಿಂಗಳು ಬಂತೆಂದರೆ ಬಾವಿಯ ಜೊತೆಗೆ ಪಂಪಿನ ಕಡೆಗೂ ಗಮನ ಹರಿಯುತ್ತದೆ. ಮಳೆಗಾಲದಲ್ಲಿ ಕಾಲು ಗಂಟೆಗೆ ತುಂಬಿ ಹೊರಚೆಲ್ಲುತ್ತಿದ್ದ ಟೆರೇಸಿನ ಟ್ಯಾಂಕು, ಬಾವಿಯ ನೀರು ಕೆಳಗಿಳಿದಂತೆ ಅರ್ಧ ಗಂಟೆ ಕಳೆದರೂ ತುಂಬುವುದಿಲ್ಲ. ಈಗಿನ ಪಂಪು ಸಾಲದು, ಒಂದು ಎಚ್‌ಪಿಯದನ್ನು ಹಾಕಿಸಿ ಎಂಬ ಸಲಹೆ ಪಂಪಿನ ಅಂಗಡಿಯವರಿಂದ ಬರುತ್ತದೆ. ಅದೇ ಮನೆಯಲ್ಲಿ ಪಿಯುಸಿ ಓದುತ್ತಿರುವ ಮಗಳು ಭೌತಶಾಸ್ತ್ರದ ಪಾಠದಲ್ಲಿ ಕಲಿತಂತೆ ಲೆಕ್ಕ ಹಾಕಿ ನೋಡಿದರೆ, ಅಷ್ಟು ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಕಾಲು ಎಚ್‌ಪಿಯೂ ಬೇಕಿಲ್ಲ ಎಂಬ ಉತ್ತರ ಬರುತ್ತದೆ. ಮಗಳ ಲೆಕ್ಕ ತಪ್ಪಲ್ಲ, ಅಂಗಡಿಯವರ ಮಾತು ಕೂಡ ಸುಳ್ಳೆನ್ನುವಂತಿಲ್ಲ. ಈ ಎರಡರ ನಡುವೆ ಇರುವ ಅಂತರವೇ ಪಂಪಿನ ದಕ್ಷತೆಯ ವಿಷಯ. ಆ ಅಂತರದಲ್ಲಿ ಏನೇನಿದೆ ಎಂಬುದನ್ನು ಒಂದೇ ಒಂದು ಮನೆಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮಾಡಿ ನೋಡೋಣ.

ನಮ್ಮ ಲೆಕ್ಕದ ಮನೆ

ಮುರಕಲ್ಲಿನ ಕಟ್ಟೆಯಿರುವ ಒಂದು ತೆರೆದ ಬಾವಿ. ಬೇಸಿಗೆಯಲ್ಲಿ ಅದರ ನೀರು ಅಂಗಳದ ಮಟ್ಟದಿಂದ 10 ಮೀಟರ್ ಕೆಳಗಿರುತ್ತದೆ. ಮನೆಗೆ ಒಂದು ಮಹಡಿ, ಮೇಲೆ ಟೆರೇಸು, ಟೆರೇಸಿನ ಮೇಲೆ ಕಟ್ಟಿದ ಕಂಬಗಳ ಮೇಲೆ 1000 ಲೀಟರಿನ ಟ್ಯಾಂಕು. ಟ್ಯಾಂಕಿನೊಳಗೆ ನೀರು ಬೀಳುವ ಪೈಪಿನ ಬಾಯಿ ಅಂಗಳದಿಂದ 10 ಮೀಟರ್ ಮೇಲಿದೆ. ಅಂದರೆ ನೀರಿನ ಮೇಲ್ಮೈಯಿಂದ ಪೈಪಿನ ಬಾಯಿಯವರೆಗೆ ನೇರ ಎತ್ತರ 20 ಮೀಟರ್. ಟ್ಯಾಂಕು 20 ನಿಮಿಷದಲ್ಲಿ ತುಂಬಬೇಕು ಎಂಬುದು ಮನೆಯವರ ಅಪೇಕ್ಷೆ, ಎಂದರೆ ನಿಮಿಷಕ್ಕೆ 50 ಲೀಟರ್ ನೀರು ಬೀಳಬೇಕು.

ಎತ್ತರವನ್ನು ಅಳೆಯುವಾಗ ಸಾಮಾನ್ಯವಾಗಿ ಎರಡು ತಪ್ಪುಗಳಾಗುತ್ತವೆ. ಬಾವಿಯ ಒಟ್ಟು ಆಳವನ್ನೇ ಲೆಕ್ಕಕ್ಕೆ ಹಿಡಿಯುವುದು ಮೊದಲನೆಯದು. ಪಂಪಿನ ಪೈಪು ನೀರಿನೊಳಗೆ ಎಷ್ಟು ಕೆಳಗೆ ಮುಳುಗಿದ್ದರೂ, ಎತ್ತುವ ಎತ್ತರ ಶುರುವಾಗುವುದು ನೀರಿನ ಮೇಲ್ಮೈಯಿಂದಲೇ. ಮುಳುಗಿದ ಭಾಗದಲ್ಲಿ ಪೈಪಿನ ಹೊರಗಿನ ನೀರೇ ಒಳಗಿನ ನೀರನ್ನು ಆ ಮಟ್ಟದವರೆಗೆ ಹೊತ್ತು ನಿಂತಿರುತ್ತದೆ. ಎರಡನೆಯ ತಪ್ಪು ಪೈಪಿನ ಉದ್ದವನ್ನೇ ಎತ್ತರವೆಂದು ಭಾವಿಸುವುದು. ಅಡ್ಡಲಾಗಿ ಹೋಗುವ ಪೈಪಿನಿಂದ ನೀರು ಮೇಲೇರುವುದಿಲ್ಲ. ಅದರಿಂದ ಬೇರೆ ರೀತಿಯ ಖರ್ಚು ಬರುತ್ತದೆ, ಅದನ್ನು ಮುಂದೆ ನೋಡೋಣ.

ರಾಟೆಯಿಂದ ಶುರುಮಾಡಿದರೆ

ಕೆಲಸ, ಶಕ್ತಿ, ಸಾಮರ್ಥ್ಯ ಎಂಬ ಮೂರು ಪದಗಳನ್ನು ದಿನನಿತ್ಯದ ಮಾತಿನಲ್ಲಿ ನಾವು ಒಂದರ ಬದಲು ಇನ್ನೊಂದನ್ನು ಬಳಸುತ್ತೇವೆ. ಇಲ್ಲಿ ಅವುಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಹತ್ತು ಲೀಟರಿನ ಕೊಡವನ್ನು ರಾಟೆಯ ಮೇಲಿಂದ ಹಗ್ಗ ಎಳೆದು 10 ಮೀಟರ್ ಮೇಲೆತ್ತಿದರೆ ಒಂದಷ್ಟು ಕೆಲಸವಾಯಿತು. ನೀರಿನ ತೂಕ 10 ಕಿಲೋಗ್ರಾಂ, ಭೂಮಿಯ ಸೆಳೆತದ ಲೆಕ್ಕಕ್ಕೆ 9.8, ಎತ್ತರ 10 ಮೀಟರ್. ಇವುಗಳನ್ನು ಗುಣಿಸಿದರೆ 980 ಜೂಲ್. ಆ ಕೊಡವನ್ನು ಅಜ್ಜಿ ಒಂದು ನಿಮಿಷ ತೆಗೆದುಕೊಂಡು ಎತ್ತಿದರೂ ಅಷ್ಟೇ ಕೆಲಸ, ಮೊಮ್ಮಗ ಹದಿನೈದು ಸೆಕೆಂಡಿನಲ್ಲಿ ಎತ್ತಿದರೂ ಅಷ್ಟೇ ಕೆಲಸ. ವ್ಯತ್ಯಾಸವಿರುವುದು ವೇಗದಲ್ಲಿ. ಒಂದು ಸೆಕೆಂಡಿಗೆ ಎಷ್ಟು ಕೆಲಸವಾಯಿತು ಎಂಬುದೇ ಸಾಮರ್ಥ್ಯ, ಅದರ ಅಳತೆ ವ್ಯಾಟ್. ಮೊಮ್ಮಗನ ಸಾಮರ್ಥ್ಯ ಸುಮಾರು 65 ವ್ಯಾಟ್, ಅಜ್ಜಿಯದು ಸುಮಾರು 16 ವ್ಯಾಟ್.

ನಮ್ಮ ಟ್ಯಾಂಕಿಗೂ ಇದೇ ಲೆಕ್ಕ. 1000 ಲೀಟರ್ ನೀರಿನ ತೂಕ 1000 ಕಿಲೋಗ್ರಾಂ. ಅದನ್ನು 20 ಮೀಟರ್ ಎತ್ತಲು 1000 × 9.8 × 20, ಅಂದರೆ 1,96,000 ಜೂಲ್ ಬೇಕು. ಇದನ್ನು 20 ನಿಮಿಷದಲ್ಲಿ, ಎಂದರೆ 1200 ಸೆಕೆಂಡಿನಲ್ಲಿ ಮಾಡಬೇಕಾದರೆ ಸೆಕೆಂಡಿಗೆ 163 ಜೂಲ್, ಅಂದರೆ 163 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್ ಆದ್ದರಿಂದ ಇದು ಕಾಲು ಎಚ್‌ಪಿಗಿಂತಲೂ ಕಡಿಮೆ. ಎರಡು ಹಳೆಯ ಟ್ಯೂಬ್‌ಲೈಟು ಮತ್ತು ಒಂದು ಫ್ಯಾನು ಬಳಸುವಷ್ಟು ಸಾಮರ್ಥ್ಯದಲ್ಲಿ ಇಡೀ ಟ್ಯಾಂಕು 20 ನಿಮಿಷದಲ್ಲಿ ತುಂಬಬಹುದು ಎಂದು ಈ ಲೆಕ್ಕ ಹೇಳುತ್ತದೆ. ಮಗಳಿಗೆ ಸಿಕ್ಕಿದ್ದು ಈ ಉತ್ತರವೇ. ಆದರೆ ಇದು ನೀರಿಗೆ ಕೊನೆಗೆ ದಕ್ಕಬೇಕಾದ ಸಾಮರ್ಥ್ಯ. ಅಷ್ಟನ್ನು ದಕ್ಕಿಸಲು ನಾವು ಎಷ್ಟು ಕೊಡಬೇಕು ಎಂಬುದು ಇನ್ನೊಂದು ಪ್ರಶ್ನೆ.

ಪೈಪು ತೆಗೆದುಕೊಳ್ಳುವ ಪಾಲು

ನೀರು ಪೈಪಿನೊಳಗೆ ಹರಿಯುವಾಗ ಗೋಡೆಗೆ ಉಜ್ಜಿಕೊಂಡು, ಬೆಂಡುಗಳಲ್ಲಿ ತಿರುಗಿ, ಫುಟ್‌ವಾಲ್ವಿನ ಕಿರಿದಾದ ದಾರಿಯಲ್ಲಿ ನುಸುಳಿ ಬರುತ್ತದೆ. ಈ ಉಜ್ಜಾಟವನ್ನು ದಾಟಲು ಪಂಪು ಹೆಚ್ಚುವರಿ ಒತ್ತಡ ಕೊಡಬೇಕಾಗುತ್ತದೆ. ಆ ಒತ್ತಡವನ್ನು ‘ಇನ್ನಷ್ಟು ಎತ್ತರ’ ಎಂದು ಬರೆದುಕೊಂಡರೆ ಲೆಕ್ಕ ಸುಲಭ. ಪಂಪಿನವರು ‘ಹೆಡ್’ ಎಂದು ಹೇಳುವುದು ಇದನ್ನೇ: ನೇರ ಎತ್ತರ ಮತ್ತು ಪೈಪಿನ ಘರ್ಷಣೆಗೆ ಸಮನಾದ ಎತ್ತರ ಸೇರಿದರೆ ಅದು ಒಟ್ಟು ಹೆಡ್, ಮೀಟರುಗಳಲ್ಲಿ.

ನಮ್ಮ ಮನೆಯಲ್ಲಿ ಮೇಲಕ್ಕೆ 20 ಮೀಟರ್, ಅಡ್ಡಕ್ಕೆ 6 ಮೀಟರ್, ಒಟ್ಟು 26 ಮೀಟರ್ ಪೈಪಿದೆ. ಬೆಂಡುಗಳು ಮತ್ತು ವಾಲ್ವುಗಳು ಒಡ್ಡುವ ತಡೆಯನ್ನು ಅಷ್ಟೇ ತಡೆಯೊಡ್ಡುವ ನೇರ ಪೈಪಿನ ಉದ್ದವಾಗಿ ಪರಿವರ್ತಿಸಿ ಸೇರಿಸುವುದು ರೂಢಿ. ಅವುಗಳಿಗೆ 9 ಮೀಟರ್ ಹಿಡಿದರೆ ಲೆಕ್ಕದ ಉದ್ದ 35 ಮೀಟರ್ ಆಗುತ್ತದೆ. ಪ್ಲಾಸ್ಟಿಕ್ ಪೈಪಿನ ಒಳವ್ಯಾಸ 25 ಮಿಲಿಮೀಟರ್ ಇದ್ದರೆ, ನಿಮಿಷಕ್ಕೆ 50 ಲೀಟರ್ ಹರಿಯುವಾಗ ಇಷ್ಟು ಉದ್ದದಲ್ಲಿ ಸುಮಾರು 5 ಮೀಟರ್ ಹೆಡ್ ಕಳೆದುಹೋಗುತ್ತದೆ. ಅಂದರೆ ಪಂಪಿನ ಪಾಲಿಗೆ ಟ್ಯಾಂಕು 20 ಮೀಟರ್ ಎತ್ತರದಲ್ಲಿಲ್ಲ, 25 ಮೀಟರ್ ಎತ್ತರದಲ್ಲಿದೆ.

ಇದೇ ನೀರನ್ನು 20 ಮಿಲಿಮೀಟರ್ ಒಳವ್ಯಾಸದ ಪೈಪಿನಲ್ಲಿ ಕಳಿಸಿದರೆ ನಷ್ಟ 5 ಮೀಟರಿನಿಂದ ಸುಮಾರು 15 ಮೀಟರಿಗೆ ಜಿಗಿಯುತ್ತದೆ. 32 ಮಿಲಿಮೀಟರ್ ಪೈಪಾದರೆ ಒಂದೂವರೆ ಮೀಟರಿಗೆ ಇಳಿಯುತ್ತದೆ. ವ್ಯಾಸದಲ್ಲಿ ಇಷ್ಟು ಸಣ್ಣ ಬದಲಾವಣೆಗೆ ಇಷ್ಟು ದೊಡ್ಡ ಪರಿಣಾಮ ಏಕೆ? ಪೈಪು ಕಿರಿದಾದಾಗ ಅಷ್ಟೇ ನೀರು ಹೋಗಲು ವೇಗ ಹೆಚ್ಚಬೇಕು, ವೇಗ ಎರಡು ಪಟ್ಟಾದರೆ ಘರ್ಷಣೆ ನಾಲ್ಕು ಪಟ್ಟಿನ ಹತ್ತಿರಕ್ಕೆ ಹೋಗುತ್ತದೆ, ಅದರ ಮೇಲೆ ಕಿರಿದಾದ ಪೈಪಿನಲ್ಲಿ ಗೋಡೆಗೆ ತಾಗುವ ನೀರಿನ ಪ್ರಮಾಣವೂ ಹೆಚ್ಚು. ಇವೆಲ್ಲ ಸೇರಿ, ನಷ್ಟವು ವ್ಯಾಸದ ಸುಮಾರು ಐದನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ.

ಪಂಪನ್ನು ಬದಲಿಸಿದರೂ ಟ್ಯಾಂಕು ಬೇಗ ತುಂಬದ ಎಷ್ಟೋ ಮನೆಗಳ ಒಗಟಿಗೆ ಇಲ್ಲಿಯೇ ಉತ್ತರವಿದೆ ಎಂಬುದು ನನ್ನ ಅಭಿಪ್ರಾಯ. ಮುಕ್ಕಾಲು ಇಂಚಿನ ಹಳೆಯ ಪೈಪನ್ನು ಹಾಗೆಯೇ ಉಳಿಸಿ ಎರಡು ಪಟ್ಟು ಸಾಮರ್ಥ್ಯದ ಪಂಪು ಕೂರಿಸಿದರೆ, ನೀರು ಎರಡು ಪಟ್ಟಾಗುವುದಿಲ್ಲ. ಹರಿವು ಸ್ವಲ್ಪ ಹೆಚ್ಚಿದ ಕೂಡಲೇ ಪೈಪಿನ ಘರ್ಷಣೆ ಅದಕ್ಕಿಂತ ವೇಗವಾಗಿ ಏರಿ, ಹೊಸ ಪಂಪಿನ ಹೆಚ್ಚುವರಿ ಸಾಮರ್ಥ್ಯದ ಬಹುಭಾಗವನ್ನು ನುಂಗಿಬಿಡುತ್ತದೆ.

ಪಂಪಿನೊಳಗೆ, ಮೋಟಾರಿನೊಳಗೆ

25 ಮೀಟರ್ ಹೆಡ್‌ಗೆ ನೀರಿನ ಸಾಮರ್ಥ್ಯವನ್ನು ಮತ್ತೆ ಲೆಕ್ಕ ಹಾಕೋಣ. ಸೆಕೆಂಡಿಗೆ 0.833 ಲೀಟರ್, ಗುಣಿಸು 9.8, ಗುಣಿಸು 25; ಸುಮಾರು 204 ವ್ಯಾಟ್. ಪಂಪಿನಿಂದ ಹೊರಬರುವ ನೀರಿನಲ್ಲಿ ಇಷ್ಟು ಇರಲೇಬೇಕು. ಆದರೆ ಮೀಟರಿನಿಂದ ಬರುವ ವಿದ್ಯುತ್ತು ನೇರವಾಗಿ ನೀರಿಗೆ ಸೇರುವುದಿಲ್ಲ. ಅದು ಮೊದಲು ಮೋಟಾರಿನಲ್ಲಿ ಶಾಫ್ಟಿನ ತಿರುಗುವಿಕೆಯಾಗುತ್ತದೆ, ಆ ತಿರುಗುವಿಕೆ ಪಂಪಿನಲ್ಲಿ ನೀರಿನ ಒತ್ತಡ ಮತ್ತು ಹರಿವಾಗುತ್ತದೆ. ಎರಡೂ ಕಡೆ ಸೋರಿಕೆಯಿದೆ.

ಪಂಪಿನ ಸೋರಿಕೆಯನ್ನು ತೂತಿರುವ ಕೊಡಕ್ಕೆ ಹೋಲಿಸಿದರೆ ಅದು ಬರಿಯ ಹೋಲಿಕೆಯಾಗದೆ ಅಕ್ಷರಶಃ ನಿಜವೇ ಆಗುತ್ತದೆ. ಪಂಪಿನೊಳಗೆ ನಿಮಿಷಕ್ಕೆ 2800ಕ್ಕೂ ಹೆಚ್ಚು ಬಾರಿ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್, ನೀರನ್ನು ಅಂಚಿಗೆ ಎಸೆಯುತ್ತದೆ. ಅಂಚಿನಲ್ಲಿ ಒತ್ತಡ ಹೆಚ್ಚು, ನಡುವಿನಲ್ಲಿ ಕಡಿಮೆ. ಇಂಪೆಲ್ಲರಿಗೂ ಕವಚಕ್ಕೂ ನಡುವೆ ಕೂದಲೆಳೆಯಷ್ಟಾದರೂ ಸಂದು ಇರಲೇಬೇಕು, ಇಲ್ಲವಾದರೆ ಅದು ತಿರುಗಲಾರದು. ಆ ಸಂದಿನ ಮೂಲಕ, ಅಂಚಿಗೆ ತಲುಪಿದ ನೀರಿನಲ್ಲಿ ಒಂದು ಪಾಲು ಹಿಂದಕ್ಕೆ ಸೋರಿ ನಡುವಿಗೆ ಬಂದು, ಮತ್ತೆ ಎಸೆಯಲ್ಪಡುತ್ತದೆ. ಎತ್ತಿದ ನೀರನ್ನೇ ಮತ್ತೆ ಮತ್ತೆ ಎತ್ತಿದ ಹಾಗೆ. ಇದರ ಜೊತೆಗೆ ಕವಚದೊಳಗಿನ ಸುಳಿಗಳು, ಇಂಪೆಲ್ಲರಿನ ಎರಡೂ ಮುಖಗಳು ನೀರಿಗೆ ಉಜ್ಜುವುದು, ಸೀಲು ಮತ್ತು ಬೇರಿಂಗುಗಳ ಬಿಗಿತ ಎಲ್ಲವೂ ಶಾಫ್ಟಿನ ಸಾಮರ್ಥ್ಯದಿಂದಲೇ ತಮ್ಮ ಪಾಲನ್ನು ಪಡೆಯುತ್ತವೆ. ದೊಡ್ಡ ನೀರು ಸರಬರಾಜು ಯೋಜನೆಗಳ ಪಂಪುಗಳ ದಕ್ಷತೆ ಶೇಕಡ 80ನ್ನು ದಾಟುವುದುಂಟು, ಮನೆಯ ಸಣ್ಣ ಪಂಪಿಗೆ ಶೇಕಡ 40ರಿಂದ 50 ಸಿಕ್ಕರೆ ಅದು ಒಳ್ಳೆಯ ಪಂಪೇ. ಪಂಪು ಚಿಕ್ಕದಾದಂತೆ ಸಂದನ್ನು ಅದೇ ಅನುಪಾತದಲ್ಲಿ ಚಿಕ್ಕದು ಮಾಡಲಾಗದು ಎಂಬುದೇ ಇದಕ್ಕೆ ಒಂದು ಮುಖ್ಯ ಕಾರಣ. ದೊಡ್ಡ ಹಂಡೆಯಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ನಷ್ಟ ಗೊತ್ತಾಗುವುದಿಲ್ಲ, ಅದೇ ತೂತು ಲೋಟದಲ್ಲಿದ್ದರೆ ನೀರು ಬಾಯಿಗೆ ಬರುವಷ್ಟರಲ್ಲಿ ಲೋಟ ಬರಿದಾಗಬಹುದು.

ನಮ್ಮ ಪಂಪಿಗೆ ಶೇಕಡ 45 ಎಂದು ಹಿಡಿಯೋಣ. ನೀರಿಗೆ 204 ವ್ಯಾಟ್ ಸಿಗಬೇಕಾದರೆ ಶಾಫ್ಟಿನಲ್ಲಿ 204 ಭಾಗಿಸು 0.45, ಅಂದರೆ 454 ವ್ಯಾಟ್ ಇರಬೇಕು. ಎಚ್‌ಪಿಯಲ್ಲಿ ಹೇಳಿದರೆ ಸುಮಾರು 0.61.

ಇನ್ನು ಮೋಟಾರು. ಅದರ ತಾಮ್ರದ ವೈಂಡಿಂಗಿನಲ್ಲಿ ಕರೆಂಟು ಹರಿದಾಗ ಬಿಸಿಯಾಗುತ್ತದೆ, ಕಬ್ಬಿಣದ ಪದರಗಳು ಕಾಂತತ್ವದ ಏರಿಳಿತದಿಂದ ಬಿಸಿಯಾಗುತ್ತವೆ, ಹಿಂದಿನ ಫ್ಯಾನು ಗಾಳಿಯನ್ನು ತಳ್ಳುತ್ತದೆ. ಅರ್ಧ ಗಂಟೆ ಓಡಿದ ಮೋಟಾರಿನ ಮೈ ಬೆಚ್ಚಗಿರುತ್ತದಲ್ಲ, ಆ ಶಾಖವೆಲ್ಲ ನಾವು ಹಣ ಕೊಟ್ಟು ಪಡೆದ ವಿದ್ಯುತ್ತೇ. ಸಣ್ಣ ಸಿಂಗಲ್ ಫೇಸ್ ಮೋಟಾರಿಗೆ ಶೇಕಡ 65 ದಕ್ಷತೆ ಎಂದಿಟ್ಟುಕೊಂಡರೆ, ಶಾಫ್ಟಿಗೆ 454 ವ್ಯಾಟ್ ಕೊಡಲು ಮೀಟರಿನಿಂದ 454 ಭಾಗಿಸು 0.65, ಅಂದರೆ ಸುಮಾರು 700 ವ್ಯಾಟ್ ಎಳೆಯಬೇಕಾಗುತ್ತದೆ.

ಎರಡು ದಕ್ಷತೆಗಳನ್ನು ಕೂಡಿಸುವುದಾಗಲಿ, ಅವುಗಳ ಸರಾಸರಿ ತೆಗೆಯುವುದಾಗಲಿ ಸರಿಯಲ್ಲ, ಗುಣಿಸಬೇಕು. ಮೋಟಾರು ನೂರರಲ್ಲಿ ಅರವತ್ತೈದನ್ನು ಮಾತ್ರ ಮುಂದೆ ಕಳಿಸುತ್ತದೆ. ಆ ಅರವತ್ತೈದರಲ್ಲಿ ಶೇಕಡ 45ನ್ನು, ಅಂದರೆ ಇಪ್ಪತ್ತೊಂಬತ್ತನ್ನು ಪಂಪು ನೀರಿಗೆ ಕೊಡುತ್ತದೆ. ಹೀಗೆ 0.65 × 0.45 ಎಂದರೆ ಒಟ್ಟು ದಕ್ಷತೆ ಶೇಕಡ 29. ಪಿಯುಸಿ ಭೌತಶಾಸ್ತ್ರದ ಲೆಕ್ಕವೊಂದರಲ್ಲಿ ಪಂಪಿನ ದಕ್ಷತೆ ಶೇಕಡ 30 ಎಂದು ಕೊಟ್ಟಿರುವುದನ್ನು ನೋಡಿ, ಇಷ್ಟು ಕಡಿಮೆಯೇ ಎಂದು ಅಚ್ಚರಿಪಡುವ ವಿದ್ಯಾರ್ಥಿಗಳಿದ್ದಾರೆ. ಮನೆಯ ಪಂಪಿನ ಮಟ್ಟಿಗೆ ಅದು ವಾಸ್ತವಕ್ಕೆ ಹತ್ತಿರದ ಸಂಖ್ಯೆಯೇ. ಇಷ್ಟನ್ನೂ ಒಂದೇ ಸೂತ್ರದಲ್ಲಿ ಹೀಗೆ ಬರೆಯಬಹುದು:

```
P = 9.8 × Q × H / (ηp × ηm)
```

ಇಲ್ಲಿ `P` ಎಂಬುದು ಮೀಟರಿನಿಂದ ಎಳೆಯುವ ಸಾಮರ್ಥ್ಯ, ವ್ಯಾಟುಗಳಲ್ಲಿ. `Q` ಸೆಕೆಂಡಿಗೆ ಹರಿಯುವ ನೀರು, ಲೀಟರುಗಳಲ್ಲಿ. `H` ಒಟ್ಟು ಹೆಡ್, ಮೀಟರುಗಳಲ್ಲಿ. `ηp` ಪಂಪಿನ ದಕ್ಷತೆ ಮತ್ತು `ηm` ಮೋಟಾರಿನ ದಕ್ಷತೆ, ದಶಮಾಂಶದಲ್ಲಿ.

ಪ್ಲೇಟಿನ ಮೇಲಿರುವ ಎಚ್‌ಪಿ ಯಾವುದು?

ಈಗ ನಮ್ಮ ಕೈಯಲ್ಲಿ ಮೂರು ಸಂಖ್ಯೆಗಳಿವೆ: ನೀರಿನಲ್ಲಿ 204 ವ್ಯಾಟ್, ಶಾಫ್ಟಿನಲ್ಲಿ 454 ವ್ಯಾಟ್, ಮೀಟರಿನಲ್ಲಿ 700 ವ್ಯಾಟ್. ಪಂಪಿನ ಮೈಮೇಲೆ ಅಂಟಿಸಿದ ಲೋಹದ ಪ್ಲೇಟಿನಲ್ಲಿ ಬರೆದಿರುವ ಎಚ್‌ಪಿ ಇವುಗಳಲ್ಲಿ ನಡುವಿನದಕ್ಕೆ ಸಂಬಂಧಿಸಿದ್ದು. ಬಲ್ಬಿನ ಮೇಲೆ 9 ವ್ಯಾಟ್ ಎಂದಿದ್ದರೆ ಅದು ವಿದ್ಯುತ್ತನ್ನು ಎಳೆದುಕೊಳ್ಳುವ ಪ್ರಮಾಣ. ಮೋಟಾರಿನ ಮೇಲೆ ಒಂದು ಎಚ್‌ಪಿ ಅಥವಾ 0.75 ಕಿಲೋವ್ಯಾಟ್ ಎಂದಿದ್ದರೆ, ಅದು ಮೋಟಾರು ಅತಿಯಾಗಿ ಬಿಸಿಯಾಗದೆ ಶಾಫ್ಟಿನಲ್ಲಿ ನಿರಂತರವಾಗಿ ಕೊಡಬಲ್ಲ ಪ್ರಮಾಣ. ಪೂರ್ಣ ಹೊರೆಯಲ್ಲಿ ಅಂತಹ ಮೋಟಾರು ಮೀಟರಿನಿಂದ ಎಳೆಯುವುದು 746 ವ್ಯಾಟನ್ನಲ್ಲ. ಶೇಕಡ 65ರ ದಕ್ಷತೆಯಲ್ಲಿ ಅದು ಸುಮಾರು 1150 ವ್ಯಾಟ್ ಆಗುತ್ತದೆ. ವೈರಿನ ಗಾತ್ರ, ಸ್ವಿಚ್ಚು, ಇನ್ವರ್ಟರಿನ ಲೆಕ್ಕವನ್ನೆಲ್ಲ 746ರ ಮೇಲೆ ಮಾಡಿಕೊಂಡರೆ ಮುಂದೆ ತೊಂದರೆಯಾಗುತ್ತದೆ.

ಇದರ ಇನ್ನೊಂದು ಮಗ್ಗುಲೂ ಇದೆ. ಪ್ಲೇಟಿನ ಎಚ್‌ಪಿ ಒಂದು ಮಿತಿಯೇ ಹೊರತು ಮೋಟಾರು ಯಾವಾಗಲೂ ಅಷ್ಟನ್ನೇ ಬಳಸುತ್ತದೆ ಎಂದಲ್ಲ. ಶಾಫ್ಟಿನಲ್ಲಿ ಎಷ್ಟು ಕೇಳಿದರೆ ಅಷ್ಟನ್ನು ಅದು ಕೊಡುತ್ತದೆ, ಮಿತಿ ಮೀರಿ ಕೇಳಿದರೂ ಸ್ವಲ್ಪ ಹೊತ್ತು ಕೊಟ್ಟು ಆಮೇಲೆ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ನಮ್ಮ ಮನೆಗೆ ಶಾಫ್ಟಿನಲ್ಲಿ ಬೇಕಾಗಿರುವುದು 0.61 ಎಚ್‌ಪಿ. ವೋಲ್ಟೇಜಿನ ಇಳಿತ, ಪೈಪಿನೊಳಗೆ ಕಾಲಕ್ರಮದಲ್ಲಿ ಕಟ್ಟಿಕೊಳ್ಳುವ ಪಾಚಿ, ಬಾವಿ ಇನ್ನೂ ಒಂದೆರಡು ಮೀಟರ್ ಇಳಿಯುವ ಸಾಧ್ಯತೆ ಇವುಗಳಿಗಾಗಿ ಶೇಕಡ 20ರಷ್ಟು ಸೇರಿಸಿದರೆ 0.73 ಆಗುತ್ತದೆ. ಹತ್ತಿರದ ಅಳತೆ ಮುಕ್ಕಾಲು ಎಚ್‌ಪಿ, ಅದು ಸಿಗದಿದ್ದರೆ ಒಂದು ಎಚ್‌ಪಿ. ಅಂಗಡಿಯವರ ಸಲಹೆಗೂ ಮಗಳ ಲೆಕ್ಕಕ್ಕೂ ಇದ್ದ ಅಂತರ ಹೀಗೆ ಮುಚ್ಚಿಹೋಗುತ್ತದೆ.

ಆದರೆ ಪೈಪಿನ ಮಾತನ್ನು ಮರೆಯುವಂತಿಲ್ಲ. ಇದೇ ಮನೆಯಲ್ಲಿ 20 ಮಿಲಿಮೀಟರ್ ಪೈಪಿದ್ದಿದ್ದರೆ ಒಟ್ಟು ಹೆಡ್ 35 ಮೀಟರ್ ಆಗಿ, ಶಾಫ್ಟಿಗೆ 0.85 ಎಚ್‌ಪಿ ಮತ್ತು ಮೀಟರಿನಿಂದ ಸುಮಾರು 980 ವ್ಯಾಟ್ ಬೇಕಾಗುತ್ತಿತ್ತು. 32 ಮಿಲಿಮೀಟರ್ ಪೈಪು ಹಾಕಿದ್ದರೆ 0.52 ಎಚ್‌ಪಿ, 600 ವ್ಯಾಟಿಗೆ ಮುಗಿಯುತ್ತಿತ್ತು. ಮನೆಯವರು 20 ನಿಮಿಷದ ಬದಲು 40 ನಿಮಿಷ ಕಾಯಲು ಸಿದ್ಧರಿದ್ದರೆ, 25 ಮಿಲಿಮೀಟರ್ ಪೈಪಿನಲ್ಲೇ ಘರ್ಷಣೆ ಒಂದೂವರೆ ಮೀಟರಿಗೆ ಇಳಿದು ಅರ್ಧ ಎಚ್‌ಪಿ ಪಂಪು ಧಾರಾಳವಾಗಿ ಸಾಕಾಗುತ್ತದೆ.

ಎಚ್‌ಪಿ ಹೆಚ್ಚಿಸಿದರೂ ಬಗೆಹರಿಯದ ಒಂದು ಮಿತಿ

ಇಷ್ಟೆಲ್ಲ ಲೆಕ್ಕ ಸರಿಯಿದ್ದರೂ, ಈ ಪಂಪನ್ನು ಬಾವಿಕಟ್ಟೆಯ ಪಕ್ಕದಲ್ಲಿ ಅಂಗಳದ ಮೇಲೆ ಕೂರಿಸಿದರೆ ಬೇಸಿಗೆಯಲ್ಲಿ ಒಂದು ಹನಿ ನೀರೂ ಬರುವುದಿಲ್ಲ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ, ವಾಸ್ತವದಲ್ಲಿ ಪಂಪು ತನ್ನ ಬಾಯಲ್ಲಿ ಒತ್ತಡವನ್ನು ಕಡಿಮೆ ಮಾಡುತ್ತದೆ, ಅಷ್ಟೆ. ಬಾವಿಯ ನೀರಿನ ಮೇಲೆ ಕುಳಿತಿರುವ ಗಾಳಿಯ ಒತ್ತಡವೇ ನೀರನ್ನು ಪೈಪಿನೊಳಗೆ ಮೇಲಕ್ಕೆ ತಳ್ಳುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಗೆ ತಳ್ಳಲು ಸಾಧ್ಯವಿರುವ ಗರಿಷ್ಠ ಎತ್ತರ ಸುಮಾರು 10.3 ಮೀಟರ್, ಅದೂ ಪೈಪಿನೊಳಗೆ ಪೂರ್ಣ ನಿರ್ವಾತವಿದ್ದರೆ. ಫುಟ್‌ವಾಲ್ವಿನ ತಡೆ, ಪೈಪಿನ ಘರ್ಷಣೆ, ಒತ್ತಡ ತೀರಾ ಇಳಿದಾಗ ನೀರೇ ಆವಿಯ ಗುಳ್ಳೆಗಳಾಗಿ ಇಂಪೆಲ್ಲರನ್ನು ಕೊರೆಯುವುದು ಇವೆಲ್ಲ ಕಳೆದು ನಂಬಬಹುದಾದ ಎತ್ತರ ಆರರಿಂದ ಏಳು ಮೀಟರ್. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆಯಾದ್ದರಿಂದ ಇದರಲ್ಲೂ ಸುಮಾರು ಒಂದು ಮೀಟರ್ ಕಳೆಯಬೇಕು.

ಆದ್ದರಿಂದ ನೀರು 10 ಮೀಟರ್ ಕೆಳಗಿರುವ ನಮ್ಮ ಬಾವಿಗೆ ಅಂಗಳದ ಮೇಲಿನ ಮಾನೋಬ್ಲಾಕ್ ಪಂಪು ಐದು ಎಚ್‌ಪಿಯದಾದರೂ ಉಪಯೋಗವಿಲ್ಲ. ಪಂಪನ್ನೇ ಬಾವಿಯೊಳಗೆ ಕಬ್ಬಿಣದ ಚೌಕಟ್ಟಿನ ಮೇಲೆ ಇಳಿಸಿ ಕೂರಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿ ಕೆಲಸಮಾಡುವ ಓಪನ್‌ವೆಲ್ ಸಬ್‌ಮರ್ಸಿಬಲ್ ಪಂಪು ಹಾಕಬೇಕು. ಮೇಲೆ ಎತ್ತುವುದಕ್ಕೆ, ಎಂದರೆ ಪಂಪಿನಿಂದ ಮುಂದಕ್ಕೆ ತಳ್ಳುವುದಕ್ಕೆ, ಇಂತಹ ಮಿತಿ ಇಲ್ಲ. ಜೆಟ್ ಪಂಪಿನಲ್ಲಿ ಅಂಗಳದಿಂದಲೇ ಆಳದ ನೀರನ್ನು ತರಬಹುದು. ಅಲ್ಲಿ ಎತ್ತಿದ ನೀರಿನಲ್ಲಿ ಒಂದು ಪಾಲನ್ನು ಇನ್ನೊಂದು ಪೈಪಿನಲ್ಲಿ ಕೆಳಗೆ ಕಳಿಸಿ, ಅದರ ರಭಸದಿಂದ ಬಾವಿಯ ನೀರನ್ನು ಮೇಲಕ್ಕೆ ನೂಕಲಾಗುತ್ತದೆ. ಅಷ್ಟು ನೀರು ಸುಮ್ಮನೆ ಸುತ್ತುತ್ತಲೇ ಇರುವುದರಿಂದ ಒಟ್ಟು ದಕ್ಷತೆ ಇನ್ನೂ ಕೆಳಗಿಳಿಯುತ್ತದೆ.

ಹೆಡ್ ಹೊಂದದಿದ್ದರೆ ದಕ್ಷತೆಯೂ ಸಿಗದು

ಪ್ಲೇಟಿನಲ್ಲಿ ಎಚ್‌ಪಿಯ ಜೊತೆಗೆ ಹೆಡ್ ಎಷ್ಟು ಮೀಟರ್, ನೀರು ಸೆಕೆಂಡಿಗೆ ಅಥವಾ ನಿಮಿಷಕ್ಕೆ ಎಷ್ಟು ಲೀಟರ್, ಒಟ್ಟು ದಕ್ಷತೆ ಶೇಕಡ ಎಷ್ಟು, ಯಾವ ಹೆಡ್‌ನಿಂದ ಯಾವ ಹೆಡ್‌ವರೆಗೆ ಬಳಸಬಹುದು ಎಂಬ ವಿವರಗಳೂ ಇರುತ್ತವೆ. ಕೊಳ್ಳುವವರು ಹೆಚ್ಚಾಗಿ ಎಚ್‌ಪಿಯನ್ನಷ್ಟೇ ಕೇಳುತ್ತಾರೆ, ಆದರೆ ನಿರ್ಣಾಯಕವಾದದ್ದು ಹೆಡ್ ಮತ್ತು ನೀರಿನ ಜೋಡಿ. ಅದೇ ಒಂದು ಎಚ್‌ಪಿಯಲ್ಲಿ, ಕಡಿಮೆ ಎತ್ತರಕ್ಕೆ ಹೆಚ್ಚು ನೀರು ಕೊಡುವ ಪಂಪೂ ಇದೆ, ಹೆಚ್ಚು ಎತ್ತರಕ್ಕೆ ಕಡಿಮೆ ನೀರು ಕೊಡುವ ಪಂಪೂ ಇದೆ. ಪ್ರತಿ ಪಂಪಿಗೂ ತನ್ನ ಉತ್ತಮ ದಕ್ಷತೆ ಸಿಗುವುದು ಒಂದು ನಿರ್ದಿಷ್ಟ ಹೆಡ್‌ನ ಆಸುಪಾಸಿನಲ್ಲಿ ಮಾತ್ರ. ಅದರಿಂದ ಮೇಲಕ್ಕೆ ಹೋದರೂ ಕೆಳಕ್ಕೆ ಹೋದರೂ ದಕ್ಷತೆ ಕುಸಿಯುತ್ತದೆ. 25 ಮೀಟರ್ ಬೇಕಾದ ನಮ್ಮ ಮನೆಗೆ ಪ್ಲೇಟಿನಲ್ಲಿ 24 ಅಥವಾ 26 ಮೀಟರ್ ಎಂದಿರುವ ಪಂಪೇ ಸರಿಯಾದುದು.

ಇಲ್ಲಿ ಅನೇಕರಿಗೆ ತಿಳಿಯದ ಒಂದು ಸಂಗತಿಯಿದೆ. ಎತ್ತರ ಕಡಿಮೆಯಾದರೆ ಪಂಪಿಗೆ ಹಗುರ ಎಂದು ತೋರುತ್ತದೆ. ನೀರನ್ನು ಅಂಚಿಗೆ ಎಸೆದು ಕೆಲಸಮಾಡುವ ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಆಗುವುದು ಇದಕ್ಕೆ ವಿರುದ್ಧ. 40 ಮೀಟರಿಗಾಗಿ ಮಾಡಿದ ಪಂಪನ್ನು 15 ಮೀಟರ್ ಎತ್ತರಕ್ಕೆ ಬಳಸಿದರೆ ನೀರು ರಭಸದಿಂದ ಹೊರಬರುತ್ತದೆ, ಆ ಹೆಚ್ಚುವರಿ ನೀರನ್ನೆಲ್ಲ ತಿರುಗಿಸಲು ಶಾಫ್ಟಿಗೆ ಹೆಚ್ಚು ಸಾಮರ್ಥ್ಯ ಬೇಕಾಗುತ್ತದೆ, ಕರೆಂಟು ಏರುತ್ತದೆ, ಮೋಟಾರು ಬಿಸಿಯಾಗುತ್ತದೆ. ಅಂತಹ ಕಡೆ ಗೇಟ್‌ವಾಲ್ವನ್ನು ಸ್ವಲ್ಪ ಮುಚ್ಚಿದರೆ ಕರೆಂಟು ಇಳಿಯುತ್ತದೆ. ಆದರೆ ಸಂಪಿನಿಂದ ನೀರೆತ್ತಲು ಬಳಸುವ ಅರ್ಧ ಎಚ್‌ಪಿಯ ಪುಟ್ಟ ಪಂಪುಗಳಲ್ಲಿ ಬಹಳಷ್ಟು ರೀಜನರೇಟಿವ್ ಬಗೆಯವು. ಅವುಗಳ ಇಂಪೆಲ್ಲರಿನ ಅಂಚಿನ ಸುತ್ತ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಅವುಗಳಲ್ಲಿ ವಾಲ್ವು ಮುಚ್ಚಿದರೆ ಕರೆಂಟು ಇಳಿಯುವ ಬದಲು ಏರುತ್ತದೆ. ಆದ್ದರಿಂದ ಪಂಪಿನ ಬಗೆ ತಿಳಿಯದೆ ವಾಲ್ವು ಮುಚ್ಚಿ ಪರೀಕ್ಷಿಸಬಾರದು.

ಮನೆಯ ಮೀಟರಿನಲ್ಲೇ ಅಳೆಯುವ ಬಗೆ

ಇದುವರೆಗಿನ ದಕ್ಷತೆಯ ಅಂಕಿಗಳು ನಾವು ಊಹಿಸಿಕೊಂಡವು. ನಿಮ್ಮ ಪಂಪಿನ ನಿಜವಾದ ದಕ್ಷತೆಯನ್ನು ವಿದ್ಯುತ್ ಮೀಟರು, ಕೈಗಡಿಯಾರ ಮತ್ತು ಅಳತೆ ಟೇಪಿನಿಂದ ತಿಳಿಯಬಹುದು. ಈಗಿನ ಎಲೆಕ್ಟ್ರಾನಿಕ್ ಮೀಟರಿನ ಮುಖದಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಅದರ ಬಳಿ `3200 imp/kWh` ಎಂಬಂತೆ ಬರೆದಿರುತ್ತದೆ. ಒಂದು ಯೂನಿಟ್ ಖರ್ಚಾಗುವಷ್ಟರಲ್ಲಿ ದೀಪ 3200 ಬಾರಿ ಮಿನುಗುತ್ತದೆ ಎಂದು ಇದರ ಅರ್ಥ. ನಿಮ್ಮ ಮೀಟರಿನಲ್ಲಿ ಸಂಖ್ಯೆ ಬೇರೆಯಿದ್ದರೆ ಅದನ್ನೇ ಬಳಸಬೇಕು.

ಫ್ರಿಜ್ ಸೇರಿದಂತೆ ಮನೆಯ ಉಳಿದೆಲ್ಲವನ್ನೂ ಆರಿಸಿ, ಪಂಪನ್ನು ಮಾತ್ರ ಓಡಿಸಿ, ಒಂದು ನಿಮಿಷದಲ್ಲಿ ದೀಪ ಎಷ್ಟು ಬಾರಿ ಮಿನುಗಿತು ಎಂದು ಎಣಿಸಿ. ಆ ಎಣಿಕೆಯನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಕಿಲೋವ್ಯಾಟ್ ಬರುತ್ತದೆ. 37 ಬಾರಿ ಮಿನುಗಿದರೆ ಸುಮಾರು 0.69 ಕಿಲೋವ್ಯಾಟ್, ನಮ್ಮ ಲೆಕ್ಕದ ಮನೆಯಂತೆಯೇ. ಖಾಲಿ ಟ್ಯಾಂಕು ತುಂಬಲು ಹಿಡಿದ ಸಮಯವನ್ನೂ, ನೀರಿನ ಮೇಲ್ಮೈಯಿಂದ ಪೈಪಿನ ಬಾಯಿಯವರೆಗಿನ ಎತ್ತರವನ್ನೂ ಬರೆದುಕೊಳ್ಳಿ. 1000 ಲೀಟರನ್ನು 20 ಮೀಟರ್ ಎತ್ತಲು ಬೇಕಾದ ಶುದ್ಧ ಕೆಲಸ 1,96,000 ಜೂಲ್, ಎಂದರೆ 0.054 ಯೂನಿಟ್. ಮೀಟರಿನಲ್ಲಿ ಓಡಿದ್ದು 0.7 ಕಿಲೋವ್ಯಾಟಿನಂತೆ 20 ನಿಮಿಷ, ಎಂದರೆ 0.23 ಯೂನಿಟ್. ಪೈಪಿನ ನಷ್ಟವೂ ಸೇರಿದಂತೆ ಇಡೀ ವ್ಯವಸ್ಥೆಯ ದಕ್ಷತೆ ಶೇಕಡ 23. ದಿನಕ್ಕೊಂದು ಟ್ಯಾಂಕಿನಂತೆ ತಿಂಗಳಿಗೆ ಏಳು ಯೂನಿಟ್.

ಈ ಎರಡು ಅಂಕಿಗಳನ್ನು, ಅಂದರೆ ನಿಮಿಷದ ಮಿನುಗು ಮತ್ತು ತುಂಬುವ ಸಮಯವನ್ನು, ಪಂಪು ಹೊಸದಿರುವಾಗಲೇ ಬಾವಿಯ ನೀರಿನ ಮಟ್ಟದ ಜೊತೆ ಸ್ವಿಚ್‌ಬೋರ್ಡಿನ ಪಕ್ಕ ಬರೆದಿಟ್ಟರೆ ಮುಂದೆ ಬಹಳ ಉಪಯೋಗವಾಗುತ್ತದೆ. ಎರಡು ವರ್ಷದ ಬಳಿಕ, ನೀರು ಅದೇ ಮಟ್ಟದಲ್ಲಿದ್ದು ಮಿನುಗು ಹೆಚ್ಚುಕಡಿಮೆ ಅಷ್ಟೇ ಇದ್ದರೂ ಟ್ಯಾಂಕು ತುಂಬಲು 20ರ ಬದಲು 28 ನಿಮಿಷ ಹಿಡಿದರೆ, ಇಂಪೆಲ್ಲರಿನ ಸಂದು ಸವೆದು ಒಳಸೋರಿಕೆ ಹೆಚ್ಚಿದೆ ಅಥವಾ ಪೈಪಿನಲ್ಲೆಲ್ಲೋ ನೀರು ಸೋರುತ್ತಿದೆ ಎಂದು ತಿಳಿಯಬಹುದು. ಮಿನುಗೂ ಕಡಿಮೆ, ನೀರೂ ಕಡಿಮೆ ಎಂದಾದರೆ, ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಮೊದಲು ನೋಡಬೇಕಾದದ್ದು ಫುಟ್‌ವಾಲ್ವಿನ ಜಾಲರಿಗೆ ಸಿಕ್ಕಿಕೊಂಡ ಎಲೆ ಕಸವನ್ನು. ಮಿನುಗು ಏರಿದ್ದು, ನೀರು ಹೆಚ್ಚಿಲ್ಲದೆ, ತಿರುಗುವಾಗ ಸದ್ದು ಬರುತ್ತಿದ್ದರೆ ಬೇರಿಂಗ್ ಬಿಗಿದಿದೆಯೇ ಎಂದು ನೋಡಿಸಬೇಕು. ಏಪ್ರಿಲಿನಲ್ಲಿ ಟ್ಯಾಂಕು ನಿಧಾನವಾದಾಗಲೂ ಇದೇ ಪರೀಕ್ಷೆಯಿಂದ ಶುರುಮಾಡಬಹುದು: ಬಾವಿಯ ನೀರು ನಾಲ್ಕು ಮೀಟರ್ ಇಳಿದಿದ್ದರೆ ಹೆಡ್ ಅಷ್ಟು ಏರಿರುತ್ತದೆ, ನೀರು ಕಡಿಮೆಯಾಗುವುದು ಸಹಜ, ನೀರಿನ ಮಟ್ಟ ಮೊದಲಿನಷ್ಟೇ ಇದ್ದರೆ ಕಾರಣವನ್ನು ಪಂಪಿನಲ್ಲೋ ಪೈಪಿನಲ್ಲೋ ಹುಡುಕಬೇಕು.